ಬಾಟಲಿಯ ಬೆನ್ನ ಮೇಲಿನ ಅಕ್ಷರ

ಚಿಗಟೇರಿಯ ಹಂಪಕ್ಕನಿಗೆ ಓದು ಬರುವುದಿಲ್ಲ. ಆದರೆ ಕುರಿಗೆ ಜಂತಿನ ಔಷಧಿ ಕುಡಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಔಷಧಿ ಹಾಕುವ ಬಿದಿರಿನ ಗೊಟ್ಟದ ಮೇಲೆ ಒಂದು ಗೀರು ಹಾಕಿಕೊಂಡಿದ್ದಾಳೆ. ಗೀರಿನವರೆಗೆ ತುಂಬಿದರೆ ಹತ್ತು ಎಂ.ಎಲ್., ಒಂದು ದೊಡ್ಡ ಕುರಿಗೆ ಸರಿ. ಎಷ್ಟೋ ವರ್ಷದಿಂದ ಇದೇ ಅಳತೆ. ಪಶು ಆಸ್ಪತ್ರೆಯ ಇನ್‌ಸ್ಪೆಕ್ಟರ್ ಆದ ನಾನೇ ಅದನ್ನು ಹೊಗಳಿದ್ದೆ. ಈಗ ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಸೋಮವಾರ ಬೆಳಿಗ್ಗೆ ಅವಳ ಮಗ ಬಸವೇಶ್ ಫೋನ್ ಮಾಡಿದ. "ಸರ, ಕುರಿಗಳು ಬೇಲಿಗೆ ಹಾಯಾಕತ್ಯಾವು. ಲಗೂನ ಬರ್ರಿ."

ಹೋಗಿ ನೋಡಿದೆ. ಮೂವತ್ತೆಂಟರಲ್ಲಿ ಹದಿನಾಲ್ಕು ಕುರಿಗಳ ಕಣ್ಣಪಾಪೆ ಅಗಲವಾಗಿತ್ತು. ಮುಖದ ಮುಂದೆ ಕೈ ಬೀಸಿದರೂ ರೆಪ್ಪೆ ಮಿಟುಕಿಸಲಿಲ್ಲ. ಬಸವೇಶ್ ಉಳಿದವನ್ನು ಬೇರೆ ಕಟ್ಟಲು ಹೋದ. ನಾಲ್ಕು ದಿನದ ಹಿಂದೆ ಔಷಧಿ ಕುಡಿಸಿದ್ದಾಗಿ ಹಂಪಕ್ಕ ಹೇಳಿದಳು. ಸೊಸೆ ಸಂಗೀತಾ ಬಾಟಲಿ ತಂದುಕೊಟ್ಟಳು.

ಮುಂದುಗಡೆ ಕುರಿಯ ಚಿತ್ರ, ದೊಡ್ಡ ಹೆಸರು. ಒಳಗೇನಿದೆ ಎಂಬುದು ಮಾತ್ರ ಬೆನ್ನಿಗೆ, ಇರುವೆ ಗಾತ್ರದಲ್ಲಿ. ಬಾಟಲಿಯ ದುಂಡಿಗೆ ಸಾಲುಗಳು ಜಾರಿ ಹೋಗುತ್ತಿದ್ದವು. ಯಾವ ಪುಣ್ಯಾತ್ಮ ಇದನ್ನು ಅಚ್ಚು ಹಾಕಿಸಿದನೋ! ಬಾಟಲಿ ತಿರುಗಿಸಿ ಮೂರು ಫೋಟೊ ತೆಗೆದು, ದೊಡ್ಡದು ಮಾಡಿ ಓದಿದೆ. ಕ್ಲೋಸಾಂಟೆಲ್, ಶೇಕಡಾ ಹದಿನೈದು. ಜಂತಿಗೆ ಒಳ್ಳೆಯದೇ, ಹೆಚ್ಚಾದರೆ ಕಣ್ಣಿನ ನರ ಕೊಲ್ಲುತ್ತದೆ. ಮೂವತ್ತು ಕಿಲೋ ಕುರಿಗೆ ಎರಡೇ ಎಂ.ಎಲ್. ಹಂಪಕ್ಕ ಐದು ಪಟ್ಟು ಕುಡಿಸಿದ್ದಳು. ಇದು ಈ ಸಲ ತಂದ ಹೊಸದು, ಅವಳ ಹಳೇ ಔಷಧಿಯೇ ಬೇರೆ. ಅದು ಶೇಕಡಾ ಎರಡೂವರೆಯದು, ಗೀರಿನ ಅಳತೆ ಅದಕ್ಕೆ ಸರಿ. ಬ್ಯಾಚ್ ನಂಬರಿನ ಮಸಿ ಉಣ್ಣೆಯ ಜಿಡ್ಡಿಗೆ ಅಳಿಸಿತ್ತು. ತಿಪ್ಪೆಯಲ್ಲಿ ಮುದ್ದೆಯಾಗಿ ಬಿದ್ದಿದ್ದ ರಟ್ಟಿನ ಡಬ್ಬಿ ಬಿಡಿಸಿ ಅದರ ಮೇಲಿದ್ದ ನಂಬರು ಬರೆದುಕೊಂಡೆ.

ಸಂಗೀತಾ ತಗ್ಗಿದ ದನಿಯಲ್ಲಿ ಹೇಳಿದಳು: "ಅತ್ತಿ ನನಗ ತೋರಿಸಿದ್ರು ಸರ. ಸಣ್ಣ ಅಕ್ಷರ ನನಗೂ ಕಾಣಲಿಲ್ಲ. ಓದಿದ ಸೊಸಿ ಅಂತ ಊರಿಗೆಲ್ಲ ಹೇಳ್ತಾರ, ಕಾಣವಲ್ದು ಅನ್ನಾಕ ನಾಚಿಕಿ ಬಂತು. ಅದೇ ಔಷಧಿ ಐತಿ ಅಂದೆ."

ಹಂಪಕ್ಕ ಕೇಳಿಸಿಕೊಂಡಳು. "ಕಣ್ಣು ಬರ್ತಾವೇನ್ರಿ?" ಎಂದು ನನ್ನನ್ನು ಕೇಳಿದಳು.

"ಬರಲ್ಲ ಹಂಪಕ್ಕ. ಇನ್ನೂ ಕೆಲವಕ್ಕೆ ಕಣ್ಣು ಹೋಗಬಹುದು."

ಅಷ್ಟರಲ್ಲಿ ಬಸವೇಶ್ ಬಂದ. ವಿಷಯ ತಿಳಿದವನೇ ಹೆಂಡತಿ ಕಡೆ ತಿರುಗಿದ. "ನೀ ಓದಿದ್ದಿಲ್ಲೇನು ಇದನ್ನ?"

"ಆಕೀನ್ ಯಾಕ ಕೇಳ್ತೀಲೇ?" ಹಂಪಕ್ಕ ನಡುವೆ ಬಂದಳು. "ನಾ ಯಾರಿಗೂ ತೋರಿಸಿಲ್ಲ. ನನ್ನ ಸೊಕ್ಕು, ನಾ ಮಾಡಿದ್ದು."

ಬಸವೇಶ್ ನನ್ನ ಮುಖ ನೋಡಿದ. ನಾನು ತಲೆ ತಗ್ಗಿಸಿ ಬರೆಯುತ್ತಿದ್ದೆ.

ಹಂಪಕ್ಕ ನೀರಿನ ಬಾನಿಯ ಹತ್ತಿರ ನಿಂತು ಎಂದಿನಂತೆ ಕುರಿಗಳನ್ನು ಕರೆದಳು. ಹದಿನಾಲ್ಕೂ ಅವಳ ದನಿ ನಂಬಿ ಬಂದವು. ಮೊದಲನೆಯದು ಬಾನಿಗೇ ಹಾಯ್ದು ಮುಗ್ಗರಿಸಿತು, ಉಳಿದವು ಅದರ ಮೇಲೆ ಬಿದ್ದವು.

"ಸಂಗೀತಾ, ಅಳಬ್ಯಾಡವ್ವ," ಎಂದಳು, "ಬಂದು ಒಂದೊಂದೇ ಹಿಡಕೊಂಡು ನೀರು ಕುಡಿಸು."