ಮೊದಲ ನೋವಿಗೇ ಬಾ

ವರಲಕ್ಷ್ಮಮ್ಮ ತೀರಿಹೋಗಿ ಇಂದಿಗೆ ಹತ್ತೊಂಬತ್ತು ದಿನ. ಬೆಂಗಳೂರಿನ ಹತ್ತಿರದ ವಿಜಯಪುರದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಅವಳೂ ನಾನೂ ಹದಿಮೂರು ವರ್ಷ ನರ್ಸುಗಳಾಗಿದ್ದೆವು. ಬಾಯಿ ಜೋರು, ಕೈ ಮಾತ್ರ ಹೂವು. ಸೂಜಿ ಚುಚ್ಚಿದ್ದು ಗೊತ್ತಾಗುತ್ತಿರಲಿಲ್ಲ.

ಎರಡು ವರ್ಷದ ಹಿಂದೆ, ತೊಂಬತ್ತೇಳರಲ್ಲಿ, ರೇಷ್ಮೆ ನೂಲು ತೆಗೆಯುವವರ ಮನೆಯ ಸೊಸೆ ಅಂಜಿನಮ್ಮ ಎರಡನೆಯ ಬಾರಿ ಬಸುರಿಯಾಗಿ ಬಂದಳು. ಅವಳ ಮೊದಲ ಮಗು ಹುಟ್ಟಿದ ಆರನೆಯ ಗಂಟೆಗೆ ನರಳತೊಡಗಿ, ಮರುದಿನ ಬೆಂಗಳೂರಿನಲ್ಲಿ ತೀರಿಕೊಂಡಿತ್ತು. ರಕ್ತದಲ್ಲಿ ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಸಿಕ್ಕಿತೆಂದು ಅಲ್ಲಿಂದ ಚೀಟಿ ಬಂದಿತ್ತು. ತಾಯಿಗೆ ಏನೂ ಮಾಡದೆ ಅವಳೊಳಗೇ ಇದ್ದು, ಹೆರಿಗೆಯಲ್ಲಿ ಮಗುವಿಗೆ ತಗಲುವಂಥದ್ದು. "ಈಗ್ಲೇ ಮಾತ್ರೆ ಕೊಟ್ರೆ ಹೆರಿಗೆ ಹೊತ್ತಿಗೆ ಮತ್ತೆ ಬೆಳೆದಿರುತ್ತೆ. ನೋವು ಶುರುವಾದ್ಮೇಲೆ ರಕ್ತನಾಳಕ್ಕೆ ಪೆನಿಸಿಲಿನ್ ಕೊಡ್ಬೇಕು, ಹೆರಿಗೆಗೆ ನಾಲ್ಕು ಗಂಟೆ ಮುಂಚೆಯಾದ್ರೂ," ಎಂದರು ಡಾಕ್ಟರು. ವರಲಕ್ಷ್ಮಮ್ಮ ಅಂಜಿನಮ್ಮನ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಳು: ಮೊದಲ ನೋವಿಗೇ ಬರಬೇಕು.

ದಿನ ತುಂಬಿ ಒಂದು ಮಂಗಳವಾರ ಅಂಜಿನಮ್ಮ ಬಂದಾಗ ಬೆಳಿಗ್ಗೆ ಹತ್ತೂವರೆ. ಗರ್ಭದ ಬಾಯಿ ಆರು ಸೆಂಟಿಮೀಟರ್ ತೆರೆದಿತ್ತು.

"ಯಾವಾಗ್ಲಿಂದ ನೋವು?" ಎಂದಳು ವರಲಕ್ಷ್ಮಮ್ಮ.

"ಈಗ್ತಾನೆ ಸಿಸ್ಟ್ರೇ," ಎಂದಳು ಅತ್ತೆ ಮುನಿವೆಂಕಟಮ್ಮ.

"ಈಗ್ತಾನೆ ಶುರುವಾದ ನೋವಾ ಇದು? ನನ್ಗೇ ಕತೆ ಹೇಳ್ತೀಯಾ?"

ಅಂಜಿನಮ್ಮ ಹಲ್ಲು ಕಚ್ಚಿಕೊಂಡೇ ಹೇಳಿದಳು, "ಬೆಳಗಿನ ಜಾವದಿಂದ ಅಕ್ಕಾ."

ನೋವು ಬಂದದ್ದು ಊರಿಗೆ ಗೊತ್ತಾದರೆ ಹೆರಿಗೆ ತಡವಾಗುತ್ತದೆಂದು ಅವರ ಮನೆಯಲ್ಲಿ ನಂಬಿಕೆ. ಯಾರಿಗೂ ತಿಳಿಯದಿರಲೆಂದು ಸೊಸೆಯನ್ನು ರೇಷ್ಮೆಗೂಡು ಆರಿಸಲು ಕೂರಿಸಿದ್ದರು.

ಅದನ್ನು ಕೇಳಿ ವರಲಕ್ಷ್ಮಮ್ಮ ಬೈಯಲಿಲ್ಲ. ಅದಕ್ಕೇ ನನಗೆ ಭಯವಾಯಿತು. ಪೆನಿಸಿಲಿನ್ ಒಗ್ಗುತ್ತದೆಯೇ ಎಂದು ಚರ್ಮಕ್ಕೆ ಪರೀಕ್ಷೆಯ ಚುಚ್ಚುಮದ್ದು ಕೊಟ್ಟು ಕಾದಳು, ಗಂಧೆ ಏಳಲಿಲ್ಲ. ಹತ್ತು ಲಕ್ಷ ಯೂನಿಟ್ಟಿನ ಐದು ಸೀಸೆಗಳ ಪುಡಿ ಕರಗಿಸಿ ಡ್ರಿಪ್‌ಗೆ ಸೇರಿಸಿದಳು. ಆಗ ಹನ್ನೊಂದು ಗಂಟೆ.

"ನಿಧಾನ ಕಣಮ್ಮ, ಮುಕ್ಕಬೇಡ," ಎನ್ನುತ್ತಿದ್ದಳು. ಆದರೆ ಆ ನೋವು ಯಾರ ಮಾತನ್ನೂ ಕೇಳುವಂಥದ್ದಾಗಿರಲಿಲ್ಲ. ಒಂದು ಮುಕ್ಕಾಲಿಗೆ ಹೆಣ್ಣುಮಗು ಹುಟ್ಟಿತು. ಡಾಕ್ಟರು ಹೇಳಿದ ನಾಲ್ಕು ಗಂಟೆಗೆ ಒಂದೂಕಾಲು ಗಂಟೆ ಕಡಿಮೆ ಬಿದ್ದಿತ್ತು.

ಮಗು ಚೆನ್ನಾಗಿಯೇ ಅತ್ತಿತು. ಮೊದಲನೆಯದೂ ಹಾಗೇ ಅತ್ತಿತ್ತು. ಎರಡು ದಿನ ಕಣ್ಣಿಟ್ಟು ನೋಡಿ ಎಂದರು ಡಾಕ್ಟರು. ಆರನೆಯ ಗಂಟೆಗೆ ವರಲಕ್ಷ್ಮಮ್ಮ ಮಗುವಿನ ಎದೆಯ ಮೇಲೆ ಕಣ್ಣು ನೆಟ್ಟು ಕೂತಿದ್ದಳು. ನಿಮಿಷಕ್ಕೆ ಐವತ್ತೆಂಟು ಉಸಿರು. ಅರ್ಧ ಗಂಟೆಯ ಮೇಲೆ ಅರವತ್ತು, ಅದನ್ನು ದಾಟಿದರೆ ಅಪಾಯ. ಮುನಿವೆಂಕಟಮ್ಮ ಬಾಗಿಲಲ್ಲಿ ನಿಂತಿದ್ದಳು. ಮತ್ತೆ ಎಣಿಸಿದಾಗ ಐವತ್ತು. ಆಮೇಲೆ ಏರಲಿಲ್ಲ. ಎರಡು ದಿನವೂ ವರಲಕ್ಷ್ಮಮ್ಮ ಮನೆಗೆ ಹೋಗಲಿಲ್ಲ.

ಆ ಮಗು ಈಗ ಓಡಾಡುತ್ತದೆ.

ನಿನ್ನೆ ಅಂಜಿನಮ್ಮ ಅತ್ತೆಯ ಜೊತೆ ಬಂದಿದ್ದಳು, ಮತ್ತೆ ಏಳು ತಿಂಗಳು. ಖಾಲಿ ಕುರ್ಚಿ ನೋಡಿ, "ಅಕ್ಕ ಎಲ್ಲಿ?" ಎಂದಳು. ಹೇಳಿದೆ. ಮುನಿವೆಂಕಟಮ್ಮ ಸೆರಗು ಬಾಯಿಗಿಟ್ಟುಕೊಂಡಳು. ನಾನು ಹೊಸ ಕಾರ್ಡು ತೆಗೆದು ಕೆಂಪು ಪೆನ್ನು ಹುಡುಕಿದೆ. ಅದೂ ವರಲಕ್ಷ್ಮಮ್ಮನದೇ. ಬರೆದೆ: ಮೊದಲ ನೋವಿಗೇ ಬರಬೇಕು.