ಅಗಡಿಯವರು ಟ್ರ್ಯಾಕ್ಟರ್ ಬೇಡವೆಂದ ಕಾರಣ

ರಾಣೆಬೆನ್ನೂರಿನ ಟ್ರ್ಯಾಕ್ಟರ್ ಶೋರೂಮಿನಲ್ಲಿ ನಾನು ಸೇಲ್ಸ್‌ಮನ್ ಆಗಿದ್ದಾಗ, ಗಿರಾಕಿಗಳಿಗೆ ಫೋನ್ ಮಾಡುವ ಕೆಲಸಕ್ಕೆ ಹಾವೇರಿಯಿಂದ ದಿನಾ ಬಸ್ಸಿನಲ್ಲಿ ಬರುವ ಒಬ್ಬ ಅಕ್ಕ ಸೇರಿದರು. ಅಲ್ಲಿಯವರೆಗೆ ವಿಚಾರಿಸಿ ಹೋದವರ ಹೆಸರುಗಳು ನಮ್ಮ ಜೇಬಿನ ಚೀಟಿಗಳಲ್ಲಿರುತ್ತಿದ್ದವು. ಅಂಗಿ ಒಗೆದರೆ ಗಿರಾಕಿಯೂ ಹೋದ. ಮಾಲಕರು ಆಗಷ್ಟೇ ಕಂಪ್ಯೂಟರಿಗೆ ಸಣ್ಣದೊಂದು ಪ್ರೋಗ್ರಾಂ ಹಾಕಿಸಿದ್ದರು. ಒಬ್ಬೊಬ್ಬರಿಗೂ ಒಂದು ಪುಟ. ವಿಚಾರಣೆ, ಡೆಮೊ, ದರದ ಮಾತು, ಮಾರಾಟ, ಇವುಗಳಲ್ಲಿ ಅವರು ಯಾವ ಹಂತದಲ್ಲಿದ್ದಾರೆ, ಮತ್ತೆ ಫೋನ್ ಮಾಡುವುದು ಯಾವ ದಿನ ಎಂದು ತುಂಬಬೇಕು. ಗಿರಾಕಿ ಕೈಬಿಟ್ಟುಹೋದರೆ ‘ತಣ್ಣಗಾಯಿತು’ ಎಂದು ಒತ್ತಬೇಕು. ಕಾರಣ ಬರೆಯದೆ ಅದು ಸೇವ್ ಆಗುತ್ತಿರಲಿಲ್ಲ.

ನಾನು ಹಾಗೆ ಹೋದವರೆಲ್ಲರಿಗೂ ‘ಬೇರೆ ಕಂಪನಿಯದು ತಗೊಂಡರು’ ಎಂದೇ ಬರೆದುಬಿಡುತ್ತಿದ್ದೆ.

ಒಂದು ಬೆಳಿಗ್ಗೆ ಅಕ್ಕ, ಡೆಮೊ ನೋಡಿ ಹೋಗಿ ಮತ್ತೆ ಬಾರದ ರೈತರೊಬ್ಬರ ಪುಟ ತೆರೆದು ಕೇಳಿದರು, “ತಮ್ಮಾ, ಅಗಡಿಯವರು ಯಾವ ಕಂಪನಿದು ತಗೊಂಡ್ರು?”

“ಗೊತ್ತಿಲ್ರಿ ಅಕ್ಕಾರ.”

“ಹಂಗಾದ್ರ ಗೊತ್ತಿಲ್ಲ ಅಂತ ಬರಿ. ಸುಳ್ಳು ಬರದ್ರ ಅವರಿಗೆ ಮತ್ತ ಯಾರೂ ಫೋನ್ ಮಾಡಂಗಿಲ್ಲ.”

ಎಂದವರೇ ನನ್ನೆದುರೇ ಡಯಲ್ ಮಾಡಿದರು. “ಮಾರಾಕ ಫೋನ್ ಮಾಡಿಲ್ರಿ ಅಣ್ಣಾರ. ನಮ್ಮ ಕಡೆಯಿಂದ ಏನರ ತಪ್ಪಾಗೇತೇನು ಅಂತ ಕೇಳಾಕ ಮಾಡೇನಿ.” ಆಮೇಲೆ ಬಹಳ ಹೊತ್ತು ಬರೀ ಹೂಂ ಎನ್ನುತ್ತ ಕೇಳಿದರು.

ರಿಸೀವರ್ ಇಟ್ಟು ಮೆಲ್ಲಗೆ ಹೇಳಿದರು, “ಸಣ್ಣವರಿದ್ದಾಗಿಂದ ಎಡಗಾಲಾಗ ಶಕ್ತಿ ಕಮ್ಮಿ ಅಂತ. ಡೆಮೊದಾಗ ಕ್ಲಚ್ ಪೂರ್ತಿ ಒತ್ತಾಕ ಆಗಲಿಲ್ಲ. ಊರ ಮಂದಿ ನಿಂತು ನೋಡಾಕತ್ತಿದ್ರು, ಹೆಂಗ ಹೇಳ್ಯಾರು?”

ಆ ಡೆಮೊ ಮಾಡಿಸಿದವನೇ ನಾನು. ಅವರು ಬೇಗ ಇಳಿದಾಗ ಆಸಕ್ತಿ ಇಲ್ಲವೆಂದುಕೊಂಡಿದ್ದೆ. ನಾಚಿಕೆಯಾಯಿತು.

ಅಕ್ಕ ಕಾರಣ ತಿದ್ದಿದರು: ‘ಕ್ಲಚ್ ಬಿಗಿ. ಹಗುರ ಮಾಡೆಲ್ ತೋರಿಸಬೇಕು.’ ಕಾಲಿನ ಮಾತು ಬರೆಯಲಿಲ್ಲ. ಯಾಕೆಂದು ಕೇಳಿದೆ. “ಈ ಪುಟ ಎಲ್ಲಾರೂ ಓದ್ತಾರ. ಅಷ್ಟು ಬರದ್ರ ಕೆಲಸ ಆಗ್ತೈತಿ.” ಹಂತವನ್ನು ಮತ್ತೆ ಡೆಮೊಕ್ಕೆ ತಂದರು. ಮೊದಲ ಸಲ ಬಿಡಿಸಿದ ಮೆಣಸಿನಕಾಯಿ ಬ್ಯಾಡಗಿ ಮಾರುಕಟ್ಟೆಗೆ ಹಾಕಿ ಬಂದ ಮೇಲೆ ಮಾತಾಡೋಣ ಎಂದು ಅಗಡಿಯವರೇ ಹೇಳಿದ್ದ ದಿನವನ್ನೇ ಮುಂದಿನ ಫೋನಿಗೆ ಹಾಕಿದರು.

ಆ ದಿನ ಬೆಳಿಗ್ಗೆ ಕಂಪ್ಯೂಟರ್ ತೋರಿಸಿದ, ಫೋನ್ ಮಾಡಬೇಕಾದವರ ಪಟ್ಟಿಯಲ್ಲಿ ಅವರ ಹೆಸರು ಬಂತು. ಫೋನ್ ಮಾಡಿ, ಸಣ್ಣ ಟ್ರ್ಯಾಕ್ಟರನ್ನು ನೇರ ಅವರ ಹೊಲಕ್ಕೇ ಒಯ್ದೆ. ಅಲ್ಲಿ ನಾವಿಬ್ಬರೇ. ಅವರು ಹತ್ತಿ ಕೂತು, ಕ್ಲಚ್ ಒತ್ತಿ ನೋಡಿದರು; ಬದುವಿನ ತನಕ ಹೋಗಿ, ತಿರುಗಿಸಿಕೊಂಡು ಬಂದರು. “ಇದು ನಮ್ಮ ಮಾತು ಕೇಳ್ತೈತಿ ನೋಡ್ರಿ,” ಎಂದು ನಕ್ಕರು. ಅದನ್ನೇ ತೆಗೆದುಕೊಂಡರು.

ಮರುದಿನದಿಂದ ನನ್ನ ತಣ್ಣಗಾದ ಪುಟಗಳನ್ನು ಒಂದೊಂದಾಗಿ ತೆರೆದು ಫೋನ್ ಮಾಡಿದೆ. ಕೆಲವರು ಖರೇನೇ ಬೇರೆ ಕಂಪನಿಯದು ಕೊಂಡಿದ್ದರು. ಇನ್ನೂ ಏನೂ ಕೊಂಡಿರದ ಗುತ್ತಲದ ಒಬ್ಬ ತಾಯಿ ಮಾತ್ರ, “ಈಗರ ಕೇಳಿದ್ರಲ್ಲ, ಬರ್ರಿ,” ಎಂದರು.