ತಮ್ಮನ ಮೆಣಸಿನಕಾಯಿ, ಮಗಳ ಫೀಸು

ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ನನ್ನ ತಮ್ಮನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ನನ್ನ ಮಗಳು ರಫ್ತುದಾರರ ಲ್ಯಾಬಿನಲ್ಲಿ ಕಾಯಿಯ ಬಣ್ಣ, ತೇವ ನೋಡುತ್ತಲೇ ಐವತ್ತರ ಹತ್ತಿರ ಬಂದವಳು. ಹೋದ ವರ್ಷ ಆ ನೌಕರಿ ಬಿಟ್ಟು, ಫೀಸು ತೆಗೆದುಕೊಂಡು ವ್ಯಾಪಾರಸ್ಥರಿಗೆ ಸಲಹೆ ಕೊಡಲು ನಿಂತಳು. ಕೇಳುವವರು ಬಹಳ, ಕೊಡುವವರು ಒಬ್ಬರೂ ಇಲ್ಲ. ಹೀಗೇ ಆದರೆ ಮತ್ತೆ ನೌಕರಿ ಹುಡುಕಬೇಕು ಎನ್ನುತ್ತಿದ್ದಳು.

ಆಗಲೇ ತಮ್ಮ ಒಂದು ಹಿಡಿ ಕಾಯಿ ತಂದ. ಕೋಲ್ಡ್ ಸ್ಟೋರೇಜಿನಲ್ಲಿಟ್ಟ ಮಾಲಿನ ಬಣ್ಣ ಇಳಿದಿತ್ತಂತೆ.

"ಒಂಚೂರು ನೋಡಿ ಹೇಳವಾ."

"ಹಿಡಿ ಕಾಯಿ ನೋಡಿದ್ರ ಗೊತ್ತಾಗಂಗಿಲ್ಲ ಮಾಮಾ. ಅಲ್ಲೇ ಬಂದು ಬ್ಯಾರೆ ಬ್ಯಾರೆ ಚೀಲದಾಗಿಂದ ತಗದು ನೋಡ್ಬೇಕು. ಏನು ನೋಡ್ತೀನಿ, ಏನು ಬರದು ಕೊಡ್ತೀನಿ, ಫೀಸು ಎಷ್ಟು ಅಂತ ಮೊದಲ ಕಳಸ್ತೀನಿ. ಅರ್ಧ ಮುಂಗಡ."

"ಸ್ವಂತ ಮಾಮಾನ ಕಡೆ ರೊಕ್ಕಾನ? ಬಾಯಿಲೆ ಹೇಳಾಕ ಏನು ಖರ್ಚು?"

ನನ್ನ ಮೈಯೆಲ್ಲ ಉರಿಯಿತು. "ನಿನ್ನ ಕಾಯಿ ನನಗ ಎಂದರ ಪುಕ್ಕಟೆ ಕೊಟ್ಟೀಯೇನೋ? ಇಷ್ಟು ವರ್ಷ ಘಾಟು ಕುಡದು ಕಲ್ತಾಳ ಆಕಿ!"

ಚಹಾ ಕುಡಿಯದೆ ಎದ್ದು ಹೋದ. ಮಾಲು ಕೊಳ್ಳುವವರು ಬೇಡವೆಂದ ಮೇಲೆ ಮುಂಗಡ ಹಾಕಿದ. ಮಗಳು ಹೋಗಿ ನೋಡಿದಳು. ಕಾಯಿ ಸರಿಯಾಗಿ ಒಣಗುವ ಮೊದಲೇ ಒಳಗಿಟ್ಟಿದ್ದರು. ಯಾವ ಚೀಲ ಬೇರೆ ಮಾಡಬೇಕು, ಮುಂದೆ ಎಷ್ಟು ಒಣಗಿಸಿ ಇಡಬೇಕು ಎಂದು ಬರೆದುಕೊಟ್ಟಳು. ಉಳಿದ ಫೀಸೂ ಬಂತು.

ಈಗ ಅವನೇ ಮತ್ತೊಬ್ಬ ವ್ಯಾಪಾರಿಯನ್ನು ಕಳಿಸಿದ್ದಾನೆ. ಆದರೆ ಆ ವ್ಯಾಪಾರಿಗೆ ತಮ್ಮ ಹೇಳಿದ್ದೇನು? "ನಮ್ಮ ಮನಿ ಹುಡುಗಿರೀ, ಕಡಿಮಿ ಮಾಡ್ತಾಳ."

ಆ ವ್ಯಾಪಾರಿ ಫೋನು ಮಾಡಿ ಇದನ್ನೇ ಹೇಳಿದಾಗ ಮಗಳ ಕೈಯಿಂದ ಫೋನು ಕಸಿದುಕೊಂಡೆ. "ಕಡಿಮಿಗಿಡಿಮಿ ಏನೂ ಇಲ್ರೀ!"

ನನ್ನ ಹಿಂದೆ ನಿಂತು ಕೇಳುತ್ತಿದ್ದ ಮೊಮ್ಮಗಳು ಚಪ್ಪಾಳೆ ತಟ್ಟಿದಳು.